ಸಾಲದ ಅವಧಿಗೆ ನಿವೃತ್ತಿಯೇ ಗಡಿ: 48ರಲ್ಲಿ ಮನೆ ಸಾಲ ಕೇಳುವವರು ಹಾಕಿಕೊಳ್ಳಬೇಕಾದ ಲೆಕ್ಕ

ನಲವತ್ತೈದು ದಾಟಿದ ಮೇಲೆ ಮೊದಲ ಬಾರಿಗೆ ಮನೆ ಸಾಲ ಕೇಳಲು ಹೋದವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಹೊತ್ತು ವಾಪಸ್ ಬರುತ್ತಾರೆ. "ಸಂಬಳ ಚೆನ್ನಾಗಿದೆ, ಹಳೆಯ ಸಾಲ ಒಂದನ್ನೂ ತಪ್ಪಿಸಿಲ್ಲ. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗನಿಗೆ ಇಪ್ಪತ್ತು ವರ್ಷದ ಅವಧಿ ಕೊಟ್ಟರು, ನನಗೆ ಹನ್ನೊಂದೇ ವರ್ಷ ಅಂದರು. ಯಾಕೆ?" ಉತ್ತರ ಚಿಕ್ಕದು: ನಿಮ್ಮ ಸಂಬಳ ನಿಲ್ಲುವ ದಿನಕ್ಕಿಂತ ಮೊದಲೇ ಸಾಲ ಮುಗಿಯಬೇಕು ಎಂದು ಸಾಲ ಕೊಡುವವರು ಬಯಸುತ್ತಾರೆ. ಆದರೆ ಈ ಒಂದು ನಿಯಮ ಕಂತು ಎಷ್ಟು, ಸಾಲ ಎಷ್ಟು ಸಿಗುತ್ತದೆ, ಬಡ್ಡಿದರ ಏರಿದರೆ ಏನಾಗುತ್ತದೆ ಎಂಬ ಮೂರನ್ನೂ ಒಟ್ಟಿಗೆ ಬದಲಾಯಿಸಿಬಿಡುತ್ತದೆ. ಅದು ಹೇಗೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಉದಾಹರಣೆಯಲ್ಲಿರುವವರಿಗೆ ಈಗ 48 ವರ್ಷ 4 ತಿಂಗಳು. ನಿವೃತ್ತಿ 60ಕ್ಕೆ. ಕಡಿತಗಳೆಲ್ಲ ಕಳೆದು ತಿಂಗಳಿಗೆ 90,000 ಕೈಗೆ ಬರುತ್ತದೆ. ಒಂದು ವಾಹನ ಸಾಲವಿದೆ. ಅದರ ಕಂತು 8,000, ಇನ್ನು 20 ತಿಂಗಳು ಬಾಕಿ. ಮನೆಗೆ ಬೇಕಾಗಿರುವ ಸಾಲ 40 ಲಕ್ಷ, ಬಡ್ಡಿ ವರ್ಷಕ್ಕೆ 9%. ನಿಮ್ಮ ಮೊತ್ತ, ನಿಮ್ಮ ಬಡ್ಡಿದರ ಬೇರೆ ಇದ್ದೀತು. ಅವನ್ನು ಹಾಕಿ ಇದೇ ಲೆಕ್ಕ ಮಾಡಿಕೊಂಡರಾಯಿತು.

## ಮೊದಲಿಗೆ, ಸಾಲ ಕೊಡುವವರ ಭಯ ಏನು?

ವಯಸ್ಸು ನೋಡಿ ಅವಮಾನ ಮಾಡುತ್ತಿದ್ದಾರೆ ಎಂದು ಕೆಲವರು ಬೇಸರಪಟ್ಟುಕೊಳ್ಳುತ್ತಾರೆ. ಲೆಕ್ಕ ನೋಡಿದರೆ ಆ ಬೇಸರ ಸ್ವಲ್ಪ ಕಡಿಮೆಯಾಗಬಹುದು.

ಇವರಿಗೆ 40 ಲಕ್ಷವನ್ನು 20 ವರ್ಷಕ್ಕೇ ಕೊಟ್ಟರು ಎಂದಿಟ್ಟುಕೊಳ್ಳಿ. ತಿಂಗಳ ಕಂತು 35,989. ಹನ್ನೊಂದು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟುತ್ತಾರೆ. ಅಷ್ಟರಲ್ಲಿ ನಿವೃತ್ತಿ ಹತ್ತಿರ ಬಂತು. ಆಗ ಉಳಿದಿರುವ ಅಸಲು ಎಷ್ಟು? ಅವಧಿಯ ಅರ್ಧಕ್ಕಿಂತ ಹೆಚ್ಚು ಕಳೆದಿದೆ, ಹಾಗಾಗಿ ಅರ್ಧಕ್ಕಿಂತ ಕಡಿಮೆ ಉಳಿದಿರಬೇಕು ಅನ್ನಿಸುತ್ತದೆ. ನಿಜವಾಗಿ ಉಳಿದಿರುವುದು ಸುಮಾರು 26.57 ಲಕ್ಷ, ಅಂದರೆ ಪಡೆದ ಸಾಲದ ಮೂರರಲ್ಲಿ ಎರಡು ಭಾಗ. ದೀರ್ಘಾವಧಿಯ ಸಾಲದಲ್ಲಿ ಮೊದಲ ವರ್ಷಗಳ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ಕೊನೆಕೊನೆಗೆ. ಸಂಬಳ ನಿಂತ ತಿಂಗಳಲ್ಲಿ ಅಷ್ಟು ದೊಡ್ಡ ಬಾಕಿ ಇರುವ ಸಾಲಗಾರರನ್ನು ಯಾವ ಸಂಸ್ಥೆಯೂ ಇಷ್ಟಪಡುವುದಿಲ್ಲ.

"ನಿವೃತ್ತಿಯ ವೇಳೆ ಬರುವ ಇಡಿಗಂಟಿನಿಂದ ತೀರಿಸಿಬಿಡುತ್ತೇನೆ" ಎಂಬ ಮಾತು ಇಲ್ಲೇ ಮುಗ್ಗರಿಸುವುದು. ಇಡಿಗಂಟು ಬರುವುದು ನಿಜವಿರಬಹುದು. ಆದರೆ ಬಾಕಿ ಇರುವ ಮೊತ್ತವನ್ನು ನೀವು ಮನಸ್ಸಿನಲ್ಲಿ ಅಂದಾಜಿಸಿದ್ದಕ್ಕೂ ಖಾತೆಯಲ್ಲಿ ಇರುವುದಕ್ಕೂ ಬಹಳ ಅಂತರವಿರುತ್ತದೆ.

## ಹೆಜ್ಜೆ 1: ಉಳಿದಿರುವ ತಿಂಗಳುಗಳನ್ನು ಎಣಿಸಿ

ವರ್ಷಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ 60ಕ್ಕೆ ಉಳಿದಿರುವುದು 11 ವರ್ಷ 8 ತಿಂಗಳು, ಅಂದರೆ 140 ತಿಂಗಳು. ಆದರೆ ಅರ್ಜಿ ಪರಿಶೀಲಿಸುವವರು ಪೂರ್ಣ ವರ್ಷಗಳನ್ನಷ್ಟೇ ಹಿಡಿದು ಮೇಲಿನ ತಿಂಗಳುಗಳನ್ನು ಬಿಟ್ಟುಬಿಡುವುದುಂಟು. ಆಗ ಸಿಗುವುದು 11 ವರ್ಷ, 132 ತಿಂಗಳು. ಬಿಟ್ಟುಹೋದ ಆ ಎಂಟು ತಿಂಗಳಿಗೂ ಬೆಲೆಯಿದೆ. 40 ಲಕ್ಷಕ್ಕೆ 132 ತಿಂಗಳಾದರೆ ಕಂತು 47,843. 140 ತಿಂಗಳಾದರೆ 46,247. ತಿಂಗಳಿಗೆ ಸುಮಾರು 1,600 ವ್ಯತ್ಯಾಸ. "ಅವಧಿಯನ್ನು ತಿಂಗಳ ಲೆಕ್ಕದಲ್ಲಿ ಕೊಡಲು ಆಗುತ್ತದೆಯೇ?" ಎಂದು ಬಾಯಿಬಿಟ್ಟು ಕೇಳಬೇಕು. ಕೇಳದವರಿಗೆ ಸಿಗುವುದು ಕಡಿಮೆ.

ಎಣಿಕೆ ಎಲ್ಲಿಂದ ಶುರು ಎಂಬುದನ್ನೂ ನೋಡಿಕೊಳ್ಳಿ. ಅರ್ಜಿ ಹಾಕಿದ ದಿನದಿಂದಲ್ಲ, ಸಾಲ ಬಿಡುಗಡೆಯಾಗಿ ಕಂತು ಶುರುವಾಗುವ ದಿನದಿಂದ. ದಾಖಲೆ, ಆಸ್ತಿ ಪರಿಶೀಲನೆ, ಮಂಜೂರಾತಿ ಎಂದು ನಾಲ್ಕು ತಿಂಗಳು ಕಳೆದರೆ ನಿಮ್ಮ 140ರಲ್ಲಿ ನಾಲ್ಕು ಹೋಯಿತು. ಮೂವತ್ತರ ಹರೆಯದವರಿಗೆ ಈ ವಿಳಂಬ ಬರೀ ಕಿರಿಕಿರಿ. ನಿಮಗೆ ಅದು ಕಂತಿನ ಏರಿಕೆ. ಪೂರ್ಣ ವರ್ಷ ಮಾತ್ರ ಹಿಡಿಯುವ ಕಡೆ, ಒಂದು ಹುಟ್ಟುಹಬ್ಬದ ಆಚೆ ಈಚೆ ಆಗುವುದರಿಂದ ಇಡೀ ಒಂದು ವರ್ಷ ಕೈತಪ್ಪಬಹುದು: 11 ವರ್ಷದ ಕಂತು 47,843 ಇದ್ದದ್ದು 10 ವರ್ಷಕ್ಕೆ 50,670 ಆಗುತ್ತದೆ.

ಇನ್ನು ನಿವೃತ್ತಿಯ ವಯಸ್ಸು ಎಂದರೆ ಯಾವುದು? ನೀವು ಎಂದು ಕೆಲಸ ಬಿಡಬೇಕೆಂದುಕೊಂಡಿದ್ದೀರೋ ಅದಲ್ಲ. ಉದ್ಯೋಗದಾತರ ದಾಖಲೆಯಲ್ಲಿ ಇರುವುದು. ಸೇವಾ ದಾಖಲೆಯ ಜನ್ಮದಿನಾಂಕ ಒಂದು, ಗುರುತಿನ ಚೀಟಿಯದು ಇನ್ನೊಂದು ಎಂಬ ಸಮಸ್ಯೆ ಹಳೆಯ ತಲೆಮಾರಿನವರಲ್ಲಿ ಅಪರೂಪವೇನಲ್ಲ. ಎರಡರಲ್ಲಿ ನಿಮ್ಮನ್ನು ಹಿರಿಯರನ್ನಾಗಿ ತೋರಿಸುವ ತಾರೀಖನ್ನೇ ಹಿಡಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಅವರಿಗೆ ಅದು ಸುರಕ್ಷಿತ. ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ. ಗುತ್ತಿಗೆಯ ಮೇಲೆ ಕೆಲಸ ಮಾಡುವವರಿಗೆ ಗುತ್ತಿಗೆ ಮುಗಿಯುವ ದಿನವೇ ಪ್ರಶ್ನೆಯಾಗಬಹುದು. ಸ್ವಂತ ಉದ್ಯೋಗದವರಿಗೆ ನಿವೃತ್ತಿಯ ದಿನ ಎಂಬುದಿಲ್ಲದ ಕಾರಣ ಗರಿಷ್ಠ ವಯಸ್ಸನ್ನು ಹೆಚ್ಚಾಗಿ ಸಂಬಳದವರಿಗಿಂತ ಕೆಲವು ವರ್ಷ ಮುಂದಕ್ಕೆ ಇಡುತ್ತಾರೆ. ಖಚಿತ ಪಿಂಚಣಿ ಇರುವವರಿಗೆ ನಿವೃತ್ತಿಯ ಆಚೆಗೂ ಅವಧಿ ಕೊಡುವ ಸಂಸ್ಥೆಗಳಿವೆ, ಆದರೆ ಆಗ ಆ ವರ್ಷಗಳ ಕಂತನ್ನು ಪಿಂಚಣಿಯ ಮೊತ್ತಕ್ಕೆ ಹೋಲಿಸಿ ನೋಡುತ್ತಾರೆ, ಈಗಿನ ಸಂಬಳಕ್ಕಲ್ಲ.

## ಹೆಜ್ಜೆ 2: ಕಂತು ಹಾಕಿ ನೋಡಿ, ಒಳಗೇನಿದೆ ಎಂದೂ ನೋಡಿ

ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ಬರೆದರೆ ಕಂತು ಸಿಗುತ್ತದೆ:

```
=PMT(9%/12, 132, -4000000)
```

ಮೊದಲ ಸಂಖ್ಯೆ ತಿಂಗಳ ಬಡ್ಡಿದರ, ಎರಡನೆಯದು ತಿಂಗಳುಗಳು, ಮೂರನೆಯದು ಸಾಲ. ಮೈನಸ್ ಗುರುತು ಮರೆತರೆ ಉತ್ತರ ಮೈನಸ್‌ನಲ್ಲಿ ಬರುತ್ತದೆ, ಗಾಬರಿ ಬೇಡ. ಇದೇ 40 ಲಕ್ಷಕ್ಕೆ ಅವಧಿಯನ್ನಷ್ಟೇ ಬದಲಿಸುತ್ತಾ ಹೋದರೆ ಹೀಗಿರುತ್ತದೆ:

| ಅವಧಿ | ತಿಂಗಳ ಕಂತು |
|---|---|
| 25 ವರ್ಷ | 33,568 |
| 20 ವರ್ಷ | 35,989 |
| 15 ವರ್ಷ | 40,571 |
| 11 ವರ್ಷ | 47,843 |
| 8 ವರ್ಷ | 58,601 |
| 5 ವರ್ಷ | 83,033 |

ಪಟ್ಟಿಯ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಹೋಲಿಸಿ. 25ರಿಂದ 20ಕ್ಕೆ ಇಳಿದಾಗ ಐದು ವರ್ಷ ಕಳೆದುಕೊಂಡರೂ ಕಂತು ಏರಿದ್ದು ಬರೀ 2,421. ಆದರೆ 11ರಿಂದ 8ಕ್ಕೆ ಇಳಿದಾಗ ಮೂರೇ ವರ್ಷಕ್ಕೆ 10,758 ಏರಿತು. ಅವಧಿ ಚಿಕ್ಕದಾದಷ್ಟೂ ಕಳೆದುಕೊಳ್ಳುವ ಪ್ರತಿ ವರ್ಷದ ಪೆಟ್ಟು ದೊಡ್ಡದು.

ಕಾರಣ ಕಂತಿನ ಒಳಗಿದೆ. 40 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿ 30,000. ಇದು ಅವಧಿಯನ್ನು ಅವಲಂಬಿಸಿಲ್ಲ. ಐದು ವರ್ಷಕ್ಕೆ ಪಡೆದರೂ ಮೂವತ್ತು ವರ್ಷಕ್ಕೆ ಪಡೆದರೂ ಅಷ್ಟೇ. 20 ವರ್ಷದವರ 35,989ರಲ್ಲಿ ಈ 30,000 ತೆಗೆದರೆ ಅಸಲಿಗೆ ಹೋಗುವುದು 5,989. 11 ವರ್ಷದವರ 47,843ರಲ್ಲಿ ಅಸಲಿಗೆ ಹೋಗುವುದು 17,843, ಸುಮಾರು ಮೂರು ಪಟ್ಟು. ಅಂದರೆ ನಿವೃತ್ತಿಯ ಗಡಿ ನಿಮ್ಮ ಬಡ್ಡಿಯನ್ನು ಹೆಚ್ಚಿಸಿಲ್ಲ, ಅಸಲನ್ನು ಬೇಗ ವಾಪಸ್ ಕೊಡು ಎಂದು ಕೇಳುತ್ತಿದೆ. ಕಂತಿನಲ್ಲಿ ಏರಿರುವ ಅಷ್ಟೂ ಹಣ ನಿಮ್ಮದೇ ಸಾಲವನ್ನು ಕರಗಿಸುತ್ತಿದೆ.

ಹಾಗಾಗಿ ಒಟ್ಟು ಲೆಕ್ಕದಲ್ಲಿ ಚಿಕ್ಕ ಅವಧಿಯವರು ಗೆಲ್ಲುತ್ತಾರೆ. 20 ವರ್ಷದಲ್ಲಿ ಕಟ್ಟುವ ಒಟ್ಟು ಬಡ್ಡಿ ಸುಮಾರು 46.4 ಲಕ್ಷ, 11 ವರ್ಷದಲ್ಲಿ ಸುಮಾರು 23.2 ಲಕ್ಷ. ಸರಿಯಾಗಿ ಅರ್ಧ. ಇದನ್ನು ಹೇಳಿ ಸಮಾಧಾನ ಮಾಡುವವರು ಬಹಳ. ನನಗೇನೋ ಆ ಸಮಾಧಾನ ಅಷ್ಟು ಹಿಡಿಸುವುದಿಲ್ಲ. ಪ್ರತಿ ತಿಂಗಳ ಐದನೇ ತಾರೀಖು ಖಾತೆಯಲ್ಲಿ 47,843 ಇರಬೇಕಾದವರಿಗೆ ಹನ್ನೊಂದು ವರ್ಷದ ನಂತರದ ಉಳಿತಾಯ ಅಂದು ನೆರವಿಗೆ ಬರುವುದಿಲ್ಲ.

## ಹೆಜ್ಜೆ 3: ಎಷ್ಟು ಸಾಲ ಸಿಕ್ಕೀತು ಎಂದು ಹಿಂದಿನಿಂದ ಲೆಕ್ಕ ಹಾಕಿ

ಕಂತು ಹೆಚ್ಚು, ಆದರೂ ಕಟ್ಟಿಯೇನು ಎಂದು ನೀವು ಧೈರ್ಯ ಮಾಡಿದರೂ ಕೊಡುವವರು ಒಪ್ಪಬೇಕಲ್ಲ. ಎಲ್ಲ ಸಾಲಗಳ ಕಂತು ಸೇರಿ ಕೈಗೆ ಬರುವ ಸಂಬಳದ ಇಂತಿಷ್ಟು ಪಾಲನ್ನು ಮೀರಬಾರದು ಎಂದು ಪ್ರತಿ ಸಂಸ್ಥೆಯೂ ಒಂದು ಮಿತಿ ಇಟ್ಟುಕೊಂಡಿರುತ್ತದೆ. ನಮ್ಮ ಲೆಕ್ಕಕ್ಕೆ ಅರ್ಧ ಎಂದು ಹಿಡಿಯೋಣ.

90,000ದ ಅರ್ಧ 45,000. ವಾಹನ ಸಾಲದ 8,000 ಅದರಲ್ಲಿ ಆಗಲೇ ಕೂತಿದೆ. ಹೊಸ ಸಾಲಕ್ಕೆ ಉಳಿದ ಜಾಗ 37,000. ಈ 37,000 ಕಂತು ಎಷ್ಟು ಸಾಲವನ್ನು ತೀರಿಸಬಲ್ಲದು ಎಂಬುದಕ್ಕೆ:

```
=PV(9%/12, 132, -37000)
```

ಉತ್ತರ ಸುಮಾರು 30.93 ಲಕ್ಷ. ಅದೇ ಸಂಬಳ, ಅದೇ ವಾಹನ ಸಾಲ, ಅದೇ ಬಡ್ಡಿದರ ಇರುವ 35ರ ವಯಸ್ಸಿನವರಿಗೆ 20 ವರ್ಷ ಸಿಕ್ಕರೆ 41.1 ಲಕ್ಷ. ಹತ್ತು ಲಕ್ಷದ ಅಂತರಕ್ಕೆ ಬೇರೆ ಯಾವ ಕಾರಣವೂ ಇಲ್ಲ, ವಯಸ್ಸೊಂದೇ. ಅರ್ಜಿ ಹಾಕಿದ ಮೇಲೆ "ನಿಮಗೆ 40 ಆಗುವುದಿಲ್ಲ, 31 ಕೊಡಬಹುದು" ಎಂಬ ಮಾತು ಬರುವುದು ಇಲ್ಲಿಂದ. ಆ ಮಾತನ್ನು ಮನೆಗೆ ಮುಂಗಡ ಕೊಟ್ಟ ಮೇಲೆ ಕೇಳುವುದಕ್ಕಿಂತ, ಕೊಡುವ ಮೊದಲು ಈ ಒಂದು ಸಾಲಿನಿಂದ ತಿಳಿದುಕೊಳ್ಳುವುದು ಮೇಲು.

## ಹೆಜ್ಜೆ 4: ಚಿಲ್ಲರೆ ಸಾಲಗಳನ್ನು ಮೊದಲು ಮುಗಿಸಿ

ಅಂತರ ತುಂಬಲು ಹೊರಟವರು ಮೊದಲು ಯೋಚಿಸುವುದು ಕೈಯಿಂದ ಹೆಚ್ಚು ಹಣ ಹಾಕುವುದನ್ನು. ಅದಕ್ಕಿಂತ ಲಾಭದ ದಾರಿ ಇನ್ನೊಂದಿದೆ.

ವಾಹನ ಸಾಲದಲ್ಲಿ ಇನ್ನು 20 ಕಂತು ಉಳಿದಿದೆ. ಬಾಕಿ ಸುಮಾರು ಒಂದೂವರೆ ಲಕ್ಷ. ಆ ಒಂದೂವರೆ ಲಕ್ಷವನ್ನು ಮನೆಗೆ ಹಾಕಿದರೆ ಬೇಕಾದ ಸಾಲ ಅಷ್ಟೇ ಇಳಿಯುತ್ತದೆ. ಅದೇ ಹಣದಿಂದ ವಾಹನ ಸಾಲ ಮುಗಿಸಿದರೆ 8,000 ಕಂತಿನ ಜಾಗ ಖಾಲಿಯಾಗುತ್ತದೆ, ಮತ್ತು ಆ 8,000 ಹನ್ನೊಂದು ವರ್ಷದಲ್ಲಿ ಸುಮಾರು 6.7 ಲಕ್ಷ ಸಾಲವನ್ನು ಹೊರಬಲ್ಲದು. ಸಿಗುವ ಸಾಲ 30.93ರಿಂದ 37.6 ಲಕ್ಷಕ್ಕೆ ಏರಿತು. ಅವಧಿಯನ್ನು 140 ತಿಂಗಳಿಗೆ ಒಪ್ಪಿಸಿದ್ದರೆ 38.9 ಲಕ್ಷ.

ಮುಗಿಯಲು ಬಂದ ಸಾಲದ ಗುಣವೇ ಅದು: ಬಾಕಿ ಕಡಿಮೆ, ಕಂತು ಮಾತ್ರ ಪೂರ್ತಿ. ಮೊದಲು ಮುಗಿಸಬೇಕಾದದ್ದು ಯಾವುದೆಂದು ತಿಳಿಯಲು ಪ್ರತಿ ಸಾಲದ ಬಾಕಿಯನ್ನು ಅದರ ಕಂತಿನಿಂದ ಭಾಗಿಸಿ. ಉತ್ತರ ಅತಿ ಚಿಕ್ಕದಾಗಿರುವುದು ಮೊದಲು. ಮುಗಿಸಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ, ಸಾಲದ ಇತಿಹಾಸದ ವರದಿಯಲ್ಲಿ ಖಾತೆ ಮುಚ್ಚಿದೆ ಎಂದು ಬಂದಿದೆಯೇ ನೋಡಿ, ಆಮೇಲೆ ಅರ್ಜಿ ಹಾಕಿ. ವರದಿ ತಿದ್ದುಪಡಿಯಾಗುವ ಮೊದಲೇ ಅರ್ಜಿ ಹೋದರೆ ಆ 8,000 ಇನ್ನೂ ನಿಮ್ಮ ಹೆಗಲ ಮೇಲೇ ಕಾಣಿಸುತ್ತದೆ.

ಆದರೆ ಕೈಯಲ್ಲಿದ್ದ ಒಂದೂವರೆ ಲಕ್ಷ ಖರ್ಚಾಯಿತು, ಹಾಗಾಗಿ ಮನೆಗೆ ಈಗ ಬೇಕಾದ ಸಾಲ 41.5 ಲಕ್ಷ. ಸಿಗುವುದು 38.9. ಇನ್ನೂ 2.6 ಲಕ್ಷ ಸಾಲದು.

## ಹೆಜ್ಜೆ 5: ಸಹ-ಸಾಲಗಾರರನ್ನು ಸೇರಿಸುವ ಮೊದಲು ಒಂದು ಪ್ರಶ್ನೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ಇವರ ಹೆಂಡತಿಗೆ 42 ವರ್ಷ 6 ತಿಂಗಳು. ಅವರೂ ದುಡಿಯುತ್ತಾರೆ, ಕೈಗೆ 50,000 ಬರುತ್ತದೆ, ಅವರ ನಿವೃತ್ತಿಯೂ 60ಕ್ಕೆ. ಅಂದರೆ ಅವರಿಗೆ ಇನ್ನು 210 ತಿಂಗಳ ಸಂಬಳವಿದೆ. "ಹೆಂಡತಿಯನ್ನು ಸೇರಿಸಿದರೆ ಹದಿನೇಳೂವರೆ ವರ್ಷ ಸಿಗುತ್ತದೆ" ಎಂದು ಯಾರೋ ಹೇಳಿರುತ್ತಾರೆ. ಸಿಗಲೂಬಹುದು, ಸಿಗದಿರಲೂಬಹುದು. ಸಹ-ಸಾಲಗಾರರಿಂದ ಎರಡು ಬೇರೆ ಬೇರೆ ಉಪಕಾರಗಳಿವೆ: ಆದಾಯ ಹೆಚ್ಚುವುದು ಒಂದು, ಅವಧಿ ಹೆಚ್ಚುವುದು ಇನ್ನೊಂದು. ಮೊದಲನೆಯದು ಸಿಕ್ಕಿತೆಂದು ಎರಡನೆಯದೂ ಸಿಗಬೇಕೆಂದಿಲ್ಲ.

ಹೋದ ಕಡೆಯೆಲ್ಲ ಕೇಳಬೇಕಾದ ಪ್ರಶ್ನೆ ಇದು: "ಜಂಟಿ ಸಾಲದಲ್ಲಿ ಅವಧಿಯನ್ನು ಯಾರ ವಯಸ್ಸಿನ ಮೇಲೆ ನಿರ್ಧರಿಸುತ್ತೀರಿ?" ಉತ್ತರ ಮೂರು ಬಗೆಯಲ್ಲಿ ಬರಬಹುದು.

ಕೆಲವರು ಹಿರಿಯರ ವಯಸ್ಸನ್ನೇ ಹಿಡಿಯುತ್ತಾರೆ. ಆಗ ಅವಧಿ 140 ತಿಂಗಳೇ. 41.5 ಲಕ್ಷಕ್ಕೆ ಕಂತು ಸುಮಾರು 47,980. ಇಬ್ಬರ ಸಂಬಳ ಸೇರಿ 1,40,000, ಅದರ ಅರ್ಧ 70,000. ಹಾಗಾಗಿ ಮಂಜೂರಾತಿಗೆ ತೊಂದರೆಯಿಲ್ಲ. ಅಂತರ ತುಂಬಿತು, ಆದರೆ ಕಂತು ಒಂದಿಷ್ಟೂ ಇಳಿಯಲಿಲ್ಲ.

ಇನ್ನು ಕೆಲವರು ಹೆಚ್ಚು ಆದಾಯ ಇರುವವರ ವಯಸ್ಸನ್ನು ಹಿಡಿಯುತ್ತಾರೆ. ಇಲ್ಲಿ ಹೆಚ್ಚು ಸಂಬಳ ಹಿರಿಯರದೇ ಆಗಿರುವುದರಿಂದ ಫಲಿತಾಂಶ ಮೇಲಿನಂತೆಯೇ. ಮಗನೋ ಮಗಳೋ ಹೆಚ್ಚು ದುಡಿಯುವ ಮನೆಯಲ್ಲಿ ಮಾತ್ರ ಇದು ಅನುಕೂಲ.

ಮೂರನೆಯ ಬಗೆಯವರು ಕಂತನ್ನು ಎರಡು ಹಂತ ಮಾಡುತ್ತಾರೆ. ಹಿರಿಯರು ನಿವೃತ್ತರಾಗುವವರೆಗೆ ದೊಡ್ಡ ಕಂತು, ಆಮೇಲೆ ಕಿರಿಯರ ಸಂಬಳಕ್ಕೆ ಹೊಂದುವ ಚಿಕ್ಕ ಕಂತು. ಲೆಕ್ಕ ಹಾಕುವುದು ಸುಲಭ, ಸಾಲವನ್ನು ಎರಡು ತುಂಡು ಎಂದುಕೊಳ್ಳಿ. ಹೆಂಡತಿಯ ಸಂಬಳದ ಅರ್ಧ 25,000. ಅದು 210 ತಿಂಗಳಲ್ಲಿ ಸುಮಾರು 26.4 ಲಕ್ಷವನ್ನು ತೀರಿಸುತ್ತದೆ. ಉಳಿದ 15.1 ಲಕ್ಷವನ್ನು ಗಂಡ 140 ತಿಂಗಳಲ್ಲಿ ತೀರಿಸಬೇಕು, ಅದಕ್ಕೆ ಕಂತು ಸುಮಾರು 17,470. ಒಟ್ಟಿನಲ್ಲಿ ಮೊದಲ 140 ತಿಂಗಳು 42,470, ನಂತರದ 70 ತಿಂಗಳು 25,000.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ತಿಂಗಳಿಗೆ ಐದೂವರೆ ಸಾವಿರ ಹಗುರಾಗಲು ಕೊನೆಗೆ ಕಟ್ಟುವ ಬಡ್ಡಿ ಸುಮಾರು 9.8 ಲಕ್ಷ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಗಂಡ ನಿವೃತ್ತರಾದ ಮೇಲೆ ಆರು ವರ್ಷ ಹೆಂಡತಿಯ ಸಂಬಳದ ಅರ್ಧ ಸಾಲಕ್ಕೇ ಹೋಗುತ್ತದೆ. ಕಾಗದದ ಮೇಲೆ ಅಂದವಾಗಿ ಕಾಣುವ ಈ ಏರ್ಪಾಡಿಗೆ ಇಬ್ಬರೂ ಕೂತು ಮಾತಾಡಿ ಒಪ್ಪಬೇಕು. ಮಕ್ಕಳನ್ನು ಸೇರಿಸುವಾಗಲಂತೂ ಇನ್ನೂ ಎಚ್ಚರ ಬೇಕು: ಸಹ-ಸಾಲಗಾರರಾಗಿ ಸಹಿ ಹಾಕಿದ ಮಗಳ ಹೆಸರಿನಲ್ಲಿ ಇಡೀ ಸಾಲ ಕಾಣಿಸುತ್ತದೆ, ನಾಳೆ ಅವಳೇ ಮನೆ ಕೊಳ್ಳಲು ಹೊರಟಾಗ ಅವಳ ಅರ್ಹತೆಯಿಂದ ಈ ಕಂತನ್ನು ಕಳೆಯುತ್ತಾರೆ.

## ಹೆಜ್ಜೆ 6: ಕಟ್ಟುತ್ತಿರುವ ಮನೆಯಾದರೆ ಅವಧಿ ಸೋರುವುದನ್ನು ಗಮನಿಸಿ

ಸಿದ್ಧವಾದ ಮನೆಗೆ ಸಾಲ ಒಮ್ಮೆಲೇ ಬಿಡುಗಡೆಯಾಗುತ್ತದೆ, ಮರುತಿಂಗಳಿಂದ ಪೂರ್ಣ ಕಂತು. ಕಟ್ಟುತ್ತಿರುವ ಮನೆಗೆ ಹಣ ಹಂತಹಂತವಾಗಿ ಬರುತ್ತದೆ. ಕಟ್ಟಿ ಮುಗಿಯುವವರೆಗೆ ಬಿಡುಗಡೆಯಾದ ಹಣಕ್ಕೆ ಬಡ್ಡಿ ಮಾತ್ರ ಕಟ್ಟಿ, ಅಸಲು ಆಮೇಲೆ ಎಂಬ ಸೌಲಭ್ಯ ಕೊಡುತ್ತಾರೆ. ಎರಡು ಕಡೆ ಹಣ ಹೊಂದಿಸುತ್ತಿರುವವರಿಗೆ ಇದು ವರವೆನಿಸುತ್ತದೆ.

ಕಿರಿಯರಿಗೆ ನಿಜಕ್ಕೂ ವರವೇ. ಬಡ್ಡಿ ಕಟ್ಟಿದ ಎರಡು ವರ್ಷ ಕಳೆದ ಮೇಲೂ ಅವರಿಗೆ ಪೂರ್ತಿ 20 ವರ್ಷ ಉಳಿದಿರುತ್ತದೆ. ಹಿರಿಯರ ಸಾಲದ ಕೊನೆಯ ದಿನ ಮಾತ್ರ ಅಲ್ಲಾಡುವುದಿಲ್ಲ. 132 ತಿಂಗಳಲ್ಲಿ 24 ಬಡ್ಡಿಯಲ್ಲೇ ಕಳೆದರೆ, 40 ಲಕ್ಷದ ಅಸಲು ಒಂದು ಕಾಸೂ ಕರಗದೆ ಉಳಿದ 108 ತಿಂಗಳ ಮೇಲೆ ಬೀಳುತ್ತದೆ. ಕಂತು 47,843 ಅಲ್ಲ, 54,172. ಮನೆ ಇನ್ನೂ ಆರು ತಿಂಗಳು ತಡವಾದರೆ ಅದಕ್ಕೂ ಮೇಲೆ. ಈ ವಯಸ್ಸಿನಲ್ಲಿ ಸಾಧ್ಯವಾದರೆ ಮೊದಲ ಬಿಡುಗಡೆಯಿಂದಲೇ ಪೂರ್ಣ ಕಂತು ಶುರು ಮಾಡಿಸಿಕೊಳ್ಳಿ. ಆಗದಿದ್ದರೆ, ಬಡ್ಡಿಗೂ ಪೂರ್ಣ ಕಂತಿಗೂ ಇರುವ ವ್ಯತ್ಯಾಸದ ಹಣವನ್ನು ತಿಂಗಳು ತಿಂಗಳು ಬೇರೆ ತೆಗೆದಿಟ್ಟು, ಪೂರ್ಣ ಕಂತು ಆರಂಭವಾಗುವಾಗ ಅಸಲಿಗೆ ಕಟ್ಟಿಬಿಡಿ.

## ಹೆಜ್ಜೆ 7: ಬಡ್ಡಿದರ ಏರಿದಾಗ ಏನಾಗುತ್ತದೆಂದು ಮೊದಲೇ ನೋಡಿಕೊಳ್ಳಿ

ಬದಲಾಗುವ ಬಡ್ಡಿದರದ ಸಾಲದಲ್ಲಿ ದರ ಏರಿದಾಗ ಅನೇಕ ಸಂಸ್ಥೆಗಳು ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಉದ್ದ ಮಾಡುತ್ತವೆ. ಸಾಲಗಾರರಿಗೆ ಅಂದು ಏನೂ ಅನ್ನಿಸುವುದಿಲ್ಲ. 20 ವರ್ಷಕ್ಕೆ ಪಡೆದವರ ಮೂರನೇ ವರ್ಷದ ಕೊನೆಗೆ ದರ 9ರಿಂದ 10 ಆಯಿತು ಎನ್ನಿ. ಉಳಿದಿದ್ದ 204 ತಿಂಗಳು ಸದ್ದಿಲ್ಲದೆ 245 ಆಗುತ್ತದೆ. ಮೂರು ವರ್ಷ ಐದು ತಿಂಗಳು ಹೆಚ್ಚು!

ನಿವೃತ್ತಿಗೆ ತಾಗಿಕೊಂಡು ಮುಗಿಯುವ ಸಾಲದಲ್ಲಿ ಹಾಗೆ ಎಳೆಯಲು ಜಾಗವೇ ಇಲ್ಲ. ಆದ್ದರಿಂದ ಕಂತೇ ಏರಬೇಕು. ನಮ್ಮವರ 40 ಲಕ್ಷ, 132 ತಿಂಗಳ ಸಾಲದಲ್ಲಿ ಮೂರು ವರ್ಷ ಕಳೆದಾಗ ಬಾಕಿ ಸುಮಾರು 32.66 ಲಕ್ಷ, ಉಳಿದದ್ದು 96 ತಿಂಗಳು. ದರ 10 ಆದರೆ ಕಂತು 47,843ರಿಂದ ಸುಮಾರು 49,550ಕ್ಕೆ ಏರುತ್ತದೆ. ತಿಂಗಳಿಗೆ 1,700ರಷ್ಟು.

ಹೆದರಿಸಲು ಹೇಳಿದ್ದಲ್ಲ ಇದು. 20 ವರ್ಷದವರೂ ಅವಧಿ ಎಳೆಯದೆ ಕಂತು ಏರಿಸಿಕೊಂಡಿದ್ದರೆ ಅವರಿಗೆ 2,340ರಷ್ಟು ಏರುತ್ತಿತ್ತು. ಚಿಕ್ಕ ಅವಧಿಯ ಸಾಲದಲ್ಲಿ ಅಸಲು ಬೇಗ ಕರಗಿರುವುದರಿಂದ ದರದ ಪೆಟ್ಟು ವಾಸ್ತವವಾಗಿ ಚಿಕ್ಕದು. ತೊಂದರೆ ಎಂದರೆ ಅದನ್ನು ಮುಂದೂಡುವ ದಾರಿಯಿಲ್ಲ, ಅದೇ ತಿಂಗಳು ಹೊರಬೇಕು. ಆದ್ದರಿಂದ ಸಾಲದ ಮೊತ್ತ ನಿರ್ಧರಿಸುವಾಗ ಈಗಿನ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು ಹಾಕಿ `PMT` ಲೆಕ್ಕ ಮಾಡಿ, ಆ ಕಂತನ್ನೂ ತಾಳಿಕೊಳ್ಳಬಲ್ಲಿರಾ ನೋಡಿ. ಅರ್ಹತೆಯ ಮಿತಿಯವರೆಗೆ ಪೂರ್ತಿ ಸಾಲ ಪಡೆದವರಿಗೆ ಮೊದಲ ಏರಿಕೆಯಲ್ಲೇ ಉಸಿರುಗಟ್ಟುತ್ತದೆ.

ಕೆಲವೊಮ್ಮೆ ಸಂಸ್ಥೆಯವರು ಕಂತು ಏರಿಸಲು ಮರೆತು, ಅಥವಾ ಅವರ ಯಂತ್ರ ತಾನಾಗಿಯೇ ಅವಧಿ ಎಳೆದು, ಸಾಲದ ಕೊನೆ ನಿಮ್ಮ ನಿವೃತ್ತಿ ದಾಟಿ ಹೋಗಿರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ದರ ಬದಲಾದಾಗಲೆಲ್ಲ ಹೊಸ ಕಂತುಪಟ್ಟಿ ಕೇಳಿ ಪಡೆದು, ಕೊನೆಯ ಸಾಲಿನ ತಿಂಗಳನ್ನು ಮಾತ್ರ ನೋಡಿ. ಅಥವಾ ಬಾಕಿಯನ್ನೂ ಕಂತನ್ನೂ ಹಾಕಿ ನೀವೇ ಎಣಿಸಿ:

```
=NPER(10%/12, -47843, 3266000)
```

ಇದು 101 ದಾಟಿದ ಉತ್ತರ ಕೊಡುತ್ತದೆ. ನಿಮಗಿರುವುದು 96 ತಿಂಗಳು. ಐದಾರು ಕಂತು ಸಂಬಳ ನಿಂತ ಮೇಲೆ ಬೀಳಲಿದೆ ಎಂದು ಅಂದೇ ಗೊತ್ತಾದರೆ, ಕಂತು ಏರಿಸುವಂತೆ ಬರೆದುಕೊಡಬಹುದು ಅಥವಾ ನಡುವೆ ಒಂದಿಷ್ಟು ಅಸಲು ಕಟ್ಟಬಹುದು.

ನಡುವೆ ಅಸಲು ಕಟ್ಟುವಾಗ "ಅವಧಿ ಇಳಿಸಲೇ, ಕಂತು ಇಳಿಸಲೇ?" ಎಂದು ಕೇಳುತ್ತಾರೆ. ಅವಧಿ ಇಳಿಸಿದರೆ ಬಡ್ಡಿ ಹೆಚ್ಚು ಉಳಿಯುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ, ಲೆಕ್ಕಕ್ಕೆ ಸರಿಯೂ ಹೌದು. ಆದರೆ ಈಗಾಗಲೇ ಹನ್ನೊಂದು ವರ್ಷಕ್ಕೆ ಹಿಂಡಿದ ಸಾಲದಲ್ಲಿ ನನ್ನ ಒಲವು ಕಂತು ಇಳಿಸುವ ಕಡೆಗೆ. ಕಂತು ಇಳಿದರೂ ಹೆಚ್ಚಿಗೆ ಕಟ್ಟುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲೇ ಇರುತ್ತದೆ. ಅವಧಿ ಇಳಿಸಿಕೊಂಡ ಮೇಲೆ ಕಷ್ಟದ ತಿಂಗಳು ಬಂದರೆ, ಬಿಟ್ಟುಕೊಟ್ಟ ಅವಧಿಯನ್ನು ಮತ್ತೆ ಕೊಡಿ ಎಂದು ಕೇಳುವಷ್ಟರಲ್ಲಿ ನಿಮಗೆ ಇನ್ನೂ ವಯಸ್ಸಾಗಿರುತ್ತದೆ.

## ಸಹಿ ಹಾಕುವ ಮುನ್ನ

ಮಂಜೂರಾತಿ ಪತ್ರ ಕೈಗೆ ಬಂದಾಗ ಎಲ್ಲರೂ ಮೊದಲು ಬಡ್ಡಿದರ ನೋಡುತ್ತಾರೆ. ನೀವು ಮೊದಲು ಅವಧಿ ಎಷ್ಟು ತಿಂಗಳೆಂದು ನೋಡಿ, ಕೊನೆಯ ಕಂತು ಯಾವ ತಿಂಗಳೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದನ್ನು ಸೇವಾ ದಾಖಲೆಯ ನಿವೃತ್ತಿ ತಿಂಗಳಿನ ಪಕ್ಕ ಇಡಿ. ಕೊನೆಯ ಕಂತು ನಾಲ್ಕೈದು ತಿಂಗಳು ಮೊದಲೇ ಮುಗಿಯುತ್ತಿದ್ದರೆ ಪೂರ್ಣ ವರ್ಷದ ಲೆಕ್ಕ ಹಿಡಿದಿದ್ದಾರೆ ಎಂದರ್ಥ, ಆ ತಿಂಗಳುಗಳನ್ನು ಕೇಳಿ ಪಡೆಯಿರಿ. ದಾಟಿ ಹೋಗಿದ್ದರೆ ಆ ಕಂತುಗಳನ್ನು ಯಾವ ಹಣದಿಂದ ಕಟ್ಟುತ್ತೀರೆಂದು ಬರೆದಿಟ್ಟುಕೊಳ್ಳಿ. ಕಂತು ಎರಡು ಹಂತದ್ದಾಗಿದ್ದರೆ, ಯಾವ ತಿಂಗಳಿನಿಂದ ಇಳಿಯುತ್ತದೆ ಎಂಬುದು ಪತ್ರದಲ್ಲೇ ಇರಬೇಕು. "ಆಮೇಲೆ ಮಾಡಿಕೊಡ್ತೀವಿ" ಎಂಬ ಬಾಯಿಮಾತಿನ ಮೇಲೆ ಸಹಿ ಬೇಡ.